ಯಾವ ಗಂಟೆಯಲ್ಲಿ ಫೋನ್ ಎತ್ತುವವರಿಲ್ಲ? ಕಾಲ್ ಸೆಂಟರ್ ಲಾಗ್‌ನಿಂದ ಶಿಫ್ಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆ ಲ್ಯಾಬ್‌ನ ಹೆಲ್ಪ್‌ಲೈನ್. ಮನೆಗೆ ಬಂದು ಸ್ಯಾಂಪಲ್ ತಗೊಂಡು ಹೋಗಿ ಎಂದು ಬುಕ್ ಮಾಡುವವರು, ರಿಪೋರ್ಟ್ ಬಂತಾ ಎಂದು ಕೇಳುವವರು, ಎಲ್ಲರಿಗೂ ಅದೇ ನಂಬರ್. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ. ತಂಡದಲ್ಲಿ 13 ಜನ, ವಾರದ ರಜೆ ಕಳೆದರೆ ದಿನಕ್ಕೆ 11 ಜನ. ಅವರ ತಿಂಗಳ ರಿಪೋರ್ಟ್‌ನಲ್ಲಿ ಎರಡೇ ಅಂಕಿ ಇರುತ್ತಿದ್ದವು. ಸರಾಸರಿ ಕಾಯುವ ಸಮಯ 41 ಸೆಕೆಂಡ್, ಕಾದು ಕಟ್ ಮಾಡಿದವರು 11%. ನೋಡಿದರೆ ಅಂಥ ಅನಾಹುತವೇನೂ ಕಾಣಲ್ಲ ಅಲ್ವಾ? ಆದರೂ ಕೌಂಟರ್‌ಗೆ ಬಂದವರೆಲ್ಲ 'ನಿಮ್ಮ ಫೋನ್ ಎತ್ತೋದೇ ಇಲ್ಲ' ಎಂದು ಜಗಳ ಆಡುತ್ತಿದ್ದರು. ಮ್ಯಾನೇಜರ್ ಇನ್ನೂ ಮೂವರನ್ನು ಕೆಲಸಕ್ಕೆ ತಗೊಳ್ಳೋಣ ಎನ್ನುತ್ತಿದ್ದರು.

ಆ ಲೆಕ್ಕವನ್ನು ನಾನು ಮಾಡಿಕೊಟ್ಟೆ. ಒಬ್ಬರನ್ನೂ ಹೊಸದಾಗಿ ತಗೊಳ್ಳಬೇಕಾಗಲಿಲ್ಲ. ಹೇಗೆ ಮಾಡಿದೆ ಎನ್ನುವುದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಸ್ವಲ್ಪ ದುಂಡಗೆ ಮಾಡಿದ್ದೇನೆ. ಇಡೀ ಕೆಲಸಕ್ಕೆ ಎಕ್ಸೆಲ್ ಸಾಕು.

## ಮೊದಲು ಲಾಗ್ ಇಳಿಸಿಕೊಳ್ಳಿ

ರೆಡಿ ರಿಪೋರ್ಟ್ ಬೇಡ, ಒಂದೊಂದು ಕರೆಯ ಕಚ್ಚಾ ದಾಖಲೆ ಬೇಕು. ಆ ಲ್ಯಾಬ್‌ನಲ್ಲಿ ಇದ್ದದ್ದು ಆಸ್ಟೆರಿಸ್ಕ್ ಎನ್ನುವ ಫೋನ್ ಸಾಫ್ಟ್‌ವೇರ್. ಸಣ್ಣ ಕಾಲ್ ಸೆಂಟರ್‌ಗಳಲ್ಲಿ ಬಹಳ ಕಡೆ ಅದೇ ಇರುತ್ತದೆ, ಮೇಲೆ ಬೇರೆ ಹೆಸರಿನ ಸಾಫ್ಟ್‌ವೇರ್ ಕೂತಿರುತ್ತದೆ ಅಷ್ಟೇ. ಅದರ `queue_log` ಫೈಲ್‌ನಲ್ಲಿ ಒಂದು ಕರೆ ಹೀಗೆ ಕಾಣುತ್ತದೆ:

```
1717994015|1717994015.412|booking|NONE|ENTERQUEUE||98XXXXXX10|5
1717994067|1717994015.412|booking|NONE|ABANDON|3|5|52
```

ಮೊದಲ ಸಾಲು: ಒಬ್ಬರು ಕ್ಯೂಗೆ ಬಂದರು, ಐದನೆಯವರಾಗಿ ನಿಂತರು. ಎರಡನೇ ಸಾಲು: ಮೂರನೇ ಜಾಗಕ್ಕೆ ಬರುವಷ್ಟರಲ್ಲಿ ಸಾಕಾಗಿ ಕಟ್ ಮಾಡಿದರು, ಅಷ್ಟರಲ್ಲಿ 52 ಸೆಕೆಂಡ್ ಕಾದಿದ್ದರು. ಕರೆ ಎತ್ತಿದ್ದರೆ `ABANDON` ಜಾಗದಲ್ಲಿ `CONNECT` ಇರುತ್ತದೆ, ಅದರ ಮುಂದಿನ ಮೊದಲ ಅಂಕಿಯೇ ಕಾದ ಸಮಯ. ಮಾತು ಮುಗಿದಾಗ `COMPLETECALLER` ಅಥವಾ `COMPLETEAGENT` ಬರುತ್ತದೆ. ಫೋನ್ ಮೊದಲು ಇಟ್ಟದ್ದು ಕರೆ ಮಾಡಿದವರೋ ನಮ್ಮವರೋ ಎನ್ನುವುದಷ್ಟೇ ಇವೆರಡರ ವ್ಯತ್ಯಾಸ.

ಎರಡನೇ ಕಾಲಮ್‌ನ ಐಡಿ ಒಂದು ಕರೆಯ ಎಲ್ಲ ಸಾಲುಗಳಲ್ಲೂ ಒಂದೇ ಇರುತ್ತದೆ. ಅದನ್ನು ಹಿಡಿದು ಎಕ್ಸೆಲ್‌ನ `VLOOKUP` ಮಾಡಿ, ಒಂದು ಕರೆಗೆ ಒಂದು ಸಾಲು ಬರುವಂತೆ ಜೋಡಿಸಿಕೊಳ್ಳಿ. A ಕಾಲಮ್‌ನಲ್ಲಿ ಕ್ಯೂಗೆ ಬಂದ ಸಮಯ, C ಯಲ್ಲಿ ಫೋನ್ ನಂಬರ್, D ಯಲ್ಲಿ ಕಾದ ಸೆಕೆಂಡ್, E ಯಲ್ಲಿ ಕೊನೆಗೇನಾಯಿತು. B ಸದ್ಯಕ್ಕೆ ಖಾಲಿ ಇರಲಿ. ಸಮಯ ಎಂದರೆ ಕರೆ ಕ್ಯೂಗೆ ಬಂದ ಸಮಯ, ಮುಗಿದ ಸಮಯ ಅಲ್ಲ. 10:28ಕ್ಕೆ ಬಂದು 10:34ಕ್ಕೆ ಮುಗಿದ ಕರೆಗೆ ಜನ ಬೇಕಾಗಿದ್ದದ್ದು 10:28ಕ್ಕೆ.

ಆರು ವಾರದ ಲಾಗ್ ಇದ್ದರೆ ಒಳ್ಳೆಯದು. ಒಂದು ವಾರದ ಲಾಗ್ ನೋಡಿ ಶಿಫ್ಟ್ ಕಟ್ಟಿದರೆ, ಆ ವಾರ ಬಂದ ಮಳೆಗೂ ಸಾಲು ರಜೆಗೂ ಸೇರಿಸಿ ಶಿಫ್ಟ್ ಕಟ್ಟಿದ ಹಾಗೆ. ಹಬ್ಬದ ದಿನ, ಇಂಟರ್ನೆಟ್ ಕೈಕೊಟ್ಟ ದಿನ ಇವನ್ನು ತೆಗೆದುಬಿಡಿ. ಐದು ಸೆಕೆಂಡ್‌ಗಿಂತ ಮೊದಲೇ ಕಟ್ ಆದ ಕರೆಗಳನ್ನೂ ತೆಗೆಯಿರಿ. ಅವು ರಾಂಗ್ ನಂಬರ್, ಮಕ್ಕಳು ಒತ್ತಿದ್ದು. ಅಲ್ಲಿ ಇನ್ನಷ್ಟು ಜನ ಕೂತಿದ್ದರೂ ಏನೂ ಬದಲಾಗುತ್ತಿರಲಿಲ್ಲ.

## ಐದೂವರೆ ಗಂಟೆಯ ಮೋಸ

ಇಲ್ಲಿ ನಾನೇ ಎಡವಿದ್ದೆ. ಲಾಗ್‌ನ ಮೊದಲ ಕಾಲಮ್‌ನ ಉದ್ದನೆಯ ಅಂಕಿ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು. ಅದೂ ನಮ್ಮ ಸಮಯದಲ್ಲಿ ಅಲ್ಲ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯವಾದ ಯುಟಿಸಿಯಲ್ಲಿ. ನಾನು ಅದನ್ನು ಹಾಗೇ ಗಂಟೆಗೆ ತಿರುಗಿಸಿ, ಗ್ರಾಫ್ ಮಾಡಿ, ಮೀಟಿಂಗ್‌ಗೆ ಹೋದೆ. ಗ್ರಾಫ್‌ನಲ್ಲಿ ಬೆಳಗಿನ ಜಾವ 4 ಗಂಟೆಗೆ ಎತ್ತರದ ಗೋಪುರ. ಟೀಮ್ ಲೀಡರ್ ಅದನ್ನು ನೋಡಿ, 'ಸರ್, ಅಷ್ಟೊತ್ತಿಗೆ ನಮ್ಮ ವಾಚ್‌ಮನ್ ಸೈತ ಎದ್ದಿರಂಗಿಲ್ರಿ' ಅಂದರು.

ಈ ತಪ್ಪು ಕಣ್ಣಿಗೆ ಕಾಣುತ್ತದೆ, ಹಾಗಾಗಿ ವಾಸಿ. ಕಾಣದೆ ಉಳಿಯುವುದು ಇನ್ನೊಂದು. ಕೆಲವು ಸಾಫ್ಟ್‌ವೇರ್‌ಗಳು ಮೊದಲು ಯುಟಿಸಿಯಲ್ಲಿ ಗಂಟೆವಾರು ಗುಂಪು ಮಾಡಿ, ಆಮೇಲೆ ನಮ್ಮ ಸಮಯದ ಹೆಸರು ಹಚ್ಚುತ್ತವೆ. ನಮ್ಮ ವ್ಯತ್ಯಾಸ ಐದಲ್ಲ, ಐದೂವರೆ. ಯುಟಿಸಿಯ 4 ಗಂಟೆಯ ಗುಂಪು ಎಂದರೆ ನಮ್ಮ 9:30ರಿಂದ 10:30. ಅದಕ್ಕೆ '9 ಗಂಟೆ' ಎಂದೋ '10 ಗಂಟೆ' ಎಂದೋ ಹೆಸರಿಟ್ಟರೆ ಇಡೀ ಶಿಫ್ಟ್ ಅರ್ಧ ಗಂಟೆ ಆಚೀಚೆ ಆಗುತ್ತದೆ. ಗ್ರಾಫ್ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ. ಪರೀಕ್ಷೆ ಸುಲಭ. ನಿಮ್ಮ ಮೊಬೈಲ್‌ನಿಂದ 10:05ಕ್ಕೆ ಒಂದು ಕರೆ ಮಾಡಿ, ಮರುದಿನ ಅದು ಯಾವ ಗುಂಪಿನಲ್ಲಿ ಕೂತಿದೆ ನೋಡಿ.

ಸಮಯವನ್ನು ನಮ್ಮದಕ್ಕೆ ತರುವ ಸೂತ್ರವನ್ನು B ಕಾಲಮ್‌ನಲ್ಲಿ ಹಾಕಿ:

```
=A2/86400+DATE(1970,1,1)+TIME(5,30,0)
```

ಅದನ್ನು ಅರ್ಧ ಗಂಟೆಯ ಗುಂಪಿಗೆ ಹಾಕುವುದು F ಕಾಲಮ್‌ನಲ್ಲಿ:

```
=TIME(HOUR(B2),IF(MINUTE(B2)<30,0,30),0)
```

ಗಂಟೆ ಸಾಕಲ್ಲ, ಅರ್ಧ ಗಂಟೆ ಯಾಕೆ ಎಂದರೆ, ಟೀ ಬ್ರೇಕ್, ಊಟ, ಶಿಫ್ಟ್ ಶುರು, ಎಲ್ಲವೂ ಅರ್ಧ ಗಂಟೆಯ ಲೆಕ್ಕದಲ್ಲೇ ನಡೆಯುತ್ತವೆ. 1ರಿಂದ 2ರ ನಡುವೆ ಮೊದಲರ್ಧ ಆರಾಮ, ಎರಡನೇ ಅರ್ಧ ರಣರಂಗ ಎಂದಾದರೆ ಗಂಟೆಯ ಸರಾಸರಿ ಎರಡನ್ನೂ ನುಂಗಿಬಿಡುತ್ತದೆ. ಗಂಟೆಗೆ ಹತ್ತು ಹನ್ನೆರಡು ಕರೆ ಮಾತ್ರ ಬರುವ ಜಾಗವಾದರೆ ಗಂಟೆಯೇ ಇರಲಿ.

## ಒಬ್ಬರೇ ಮೂರು ಸಲ ಮಾಡಿದ್ದು ಮೂರು ಕರೆಯಲ್ಲ

ನನ್ನ ಅನುಭವದಲ್ಲಿ ಜಾಸ್ತಿ ದುಡ್ಡು ಹಾಳಾಗುವುದು ಇಲ್ಲೇ. ಕಾದು ಕಟ್ ಮಾಡಿದವರು ಸುಮ್ನೆ ಕೂರುವುದಿಲ್ಲ, ಮತ್ತೆ ಮಾಡುತ್ತಾರೆ. ಲಾಗ್‌ನಲ್ಲಿ ಅದು ಇನ್ನೊಂದು ಕರೆ. ಜನ ಕಡಿಮೆ ಇದ್ದಷ್ಟೂ ಕಟ್ ಜಾಸ್ತಿ, ಕಟ್ ಜಾಸ್ತಿ ಆದಷ್ಟೂ ಕರೆ ಜಾಸ್ತಿ. ಆ ಉಬ್ಬಿದ ಸಂಖ್ಯೆಯನ್ನೇ ಹಿಡಿದು ಜನ ಲೆಕ್ಕ ಹಾಕಿದರೆ ಬೇಕಿಲ್ಲದವರನ್ನು ಕರೆತಂದು ಕೂರಿಸಿದಂತೆ.

ಹಾಳೆಯನ್ನು ಮೊದಲು ನಂಬರ್ ಪ್ರಕಾರ, ಆಮೇಲೆ ಸಮಯದ ಪ್ರಕಾರ ಸಾರ್ಟ್ ಮಾಡಿ. G ಕಾಲಮ್‌ನಲ್ಲಿ ಮೂರನೇ ಸಾಲಿನಿಂದ ಹೀಗೆ:

```
=IF(AND(C3=C2,B3-B2<=TIME(0,30,0),E2="ABANDON"),1,0)
```

ಅದೇ ನಂಬರ್, ಅರ್ಧ ಗಂಟೆಯ ಒಳಗೆ, ಹಿಂದಿನ ಕರೆ ಕಟ್ ಆಗಿತ್ತು. ಈ ಮೂರೂ ಸೇರಿದರೆ ಮಾತ್ರ ಅದು ಮರುಕರೆ. ಹಿಂದಿನ ಕರೆಗೆ ಉತ್ತರ ಸಿಕ್ಕಿದ್ದು, ಆಮೇಲೆ 'ಅಯ್ಯೋ, ಸಕ್ಕರೆ ಟೆಸ್ಟ್‌ಗೆ ಖಾಲಿ ಹೊಟ್ಟೇಲಿ ಇರಬೇಕಾ ಕೇಳೋದೇ ಮರೆತೆ' ಎಂದು ಮತ್ತೆ ಮಾಡಿದರೆ ಅದು ನಿಜವಾದ ಹೊಸ ಕೆಲಸ. ಅದನ್ನು ತೆಗೆಯಬಾರದು.

ವಾರದ ದಿನಗಳಲ್ಲಿ ಬೆಳಿಗ್ಗೆ 10ರಿಂದ 10:30ರ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಲಾಗ್ ಪ್ರಕಾರ 60 ಕರೆ. ಅದರಲ್ಲಿ ಎತ್ತಿದ್ದು 38, ಕಟ್ ಆದದ್ದು 22. ಅಂದರೆ 37%. ದಿನದ ಸರಾಸರಿ 11% ಎಂದು ನೆಮ್ಮದಿಯಾಗಿದ್ದವರಿಗೆ ಇದೇ ದೊಡ್ಡ ಆಘಾತ. ಆದರೆ G ಕಾಲಮ್ ಕೂಡಿದರೆ 15 ಮರುಕರೆ. ಹಾಗಾದರೆ ನಿಜಕ್ಕೂ ಫೋನ್ ಮಾಡಿದ ಜನ 45. ಅವರಲ್ಲಿ 38 ಜನ ಒಂದಲ್ಲ ಒಂದು ಸಲಕ್ಕೆ ಮಾತಾಡಿದರು. ಕೊನೆಗೂ ಸಿಗದೆ ಹೋದವರು 7 ಜನ, ಅಂದರೆ 16%.

ಎರಡು ಅಂಕಿಯೂ ಸತ್ಯವೇ. 37% ಎಂದರೆ ಜನ ಎಷ್ಟು ಬೇಸತ್ತರು ಎನ್ನುವ ಲೆಕ್ಕ. 16% ಎಂದರೆ ಎಷ್ಟು ಗಿರಾಕಿ ಕೈತಪ್ಪಿದರು ಎನ್ನುವ ಲೆಕ್ಕ. ಶಿಫ್ಟ್ ಕಟ್ಟಲು ಬೇಕಾದ್ದು ಇವೆರಡೂ ಅಲ್ಲ, ಮಧ್ಯದಲ್ಲಿರುವ ಆ 45.

ಕಾಯುವ ಸಮಯದ ಬಗ್ಗೆ ಒಂದು ಮಾತು. ಹೆಚ್ಚಿನ ರಿಪೋರ್ಟ್‌ಗಳಲ್ಲಿ ಬರುವ ಸರಾಸರಿ ಕಾಯುವ ಸಮಯ, ಉತ್ತರ ಸಿಕ್ಕವರದ್ದು ಮಾತ್ರ. ಎರಡು ನಿಮಿಷ ಕಾದು ಹೊರಟುಹೋದವರು ಅದರಲ್ಲಿ ಇರುವುದೇ ಇಲ್ಲ. ಜಾಸ್ತಿ ಜನ ಹೊರಟುಹೋದಷ್ಟೂ ಕ್ಯೂ ಚಿಕ್ಕದಾಗಿ, ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಆ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಪ್ರತಿ ಅರ್ಧ ಗಂಟೆಗೂ ಎತ್ತಿದ ಕರೆ, ಕಟ್ ಆದ ಕರೆ ಎರಡನ್ನೂ ಸೇರಿಸಿ, ಹತ್ತರಲ್ಲಿ ಒಂಬತ್ತು ಜನ ಎಷ್ಟರೊಳಗೆ ಕಾದರು ಎಂದು ನೋಡಿ. ಎಕ್ಸೆಲ್‌ನ `PERCENTILE` ಗೆ 0.9 ಕೊಟ್ಟರೆ ಅದು ಸಿಗುತ್ತದೆ.

## ಕುರ್ಚಿಯಲ್ಲಿ ನಿಜವಾಗಿ ಯಾರಿದ್ದರು?

ಈಗ ಪಿವಟ್ ಟೇಬಲ್ ಹಾಕಿ. ಸಾಲಿನಲ್ಲಿ ಅರ್ಧ ಗಂಟೆಗಳು, ಕಾಲಮ್‌ನಲ್ಲಿ ವಾರದ ದಿನಗಳು. ಸೋಮವಾರವನ್ನು ಉಳಿದ ದಿನಗಳ ಜೊತೆ ಕಲಸಬೇಡಿ, ಭಾನುವಾರ ಲ್ಯಾಬ್ ಖಾಲಿ ಇದ್ದು ಎಲ್ಲರೂ ಸೋಮವಾರ ಬೆಳಿಗ್ಗೆ ಮುಗಿಬೀಳುತ್ತಾರೆ. ಆರು ವಾರದ ಅಂಕಿಗಳಿಂದ ಸರಾಸರಿಗಿಂತ ನಡುವಿನ ಅಂಕಿಯನ್ನು ತೆಗೆಯುವುದು ಮೇಲು. ಒಂದು ಕೆಟ್ಟ ದಿನ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಕಾಲಮ್ ಬೇಕು: ಆ ಅರ್ಧ ಗಂಟೆಯಲ್ಲಿ ಲಾಗಿನ್ ಆಗಿ, ಪಾಜ್ ಬಟನ್ ಒತ್ತದೆ, ಕರೆ ತಗೊಳ್ಳಲು ಕೂತಿದ್ದವರು ಎಷ್ಟು ಜನ. ರೋಸ್ಟರ್‌ನಲ್ಲಿ ಬರೆದ ಸಂಖ್ಯೆ ಅಲ್ಲ. ರೋಸ್ಟರ್ ಎನ್ನುವುದು ಆಸೆ, ಲಾಗಿನ್ ದಾಖಲೆ ನಿಜ.

ಲ್ಯಾಬ್‌ನ ಹಳೆಯ ಶಿಫ್ಟ್ ಹೀಗಿತ್ತು: ಆರು ಜನ 8ರಿಂದ 5, ಐದು ಜನ 11ರಿಂದ 8. ಕರೆ ತುಂಬಿ ತುಳುಕುವ 10 ಗಂಟೆಗೆ ಇರುತ್ತಿದ್ದವರು ಆರೇ ಜನ. ಅವರಲ್ಲಿ ಒಬ್ಬೊಬ್ಬರಾಗಿ 9:45ರಿಂದ ಟೀಗೆ ಹೋಗುತ್ತಿದ್ದರು, ತಲಾ ಹದಿನೈದು ನಿಮಿಷ. ಅಂದರೆ 10ರಿಂದ 10:30ರ ನಡುವೆ ಯಾವಾಗ ನೋಡಿದರೂ ಕುರ್ಚಿಯಲ್ಲಿ ಐದೇ ಜನ. ಒಂದು ಕರೆಗೆ ನಾಲ್ಕು ನಿಮಿಷ ಹಿಡಿಯುತ್ತದೆ ಎಂದರೆ ಒಬ್ಬರು ಅರ್ಧ ಗಂಟೆಯಲ್ಲಿ ಏಳೂವರೆ ಕರೆ ತಗೊಳ್ಳಬಹುದು. ಐದು ಜನಕ್ಕೆ 37.5. ಲಾಗ್‌ನಲ್ಲಿ ಎತ್ತಿದ ಕರೆ 38. ಅವರು ಉಸಿರು ಬಿಡದೆ ಕೆಲಸ ಮಾಡಿದ್ದಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಹುಡುಗಿಯರು ಫೋನ್ ಎತ್ತುವುದಿಲ್ಲ ಎಂದು ಬೈಸಿಕೊಂಡವರೂ ಅವರೇ.

ಮಧ್ಯಾಹ್ನದ ಕಥೆ ಬೇರೆ. 1:30ರಿಂದ 2ರ ನಡುವೆ 24 ಕರೆ ಮಾತ್ರ, ಶಿಫ್ಟ್‌ನಲ್ಲಿ 11 ಜನ. ಆದರೂ ಕಟ್ ಆಗುವ ಕರೆ ಜಾಸ್ತಿ. ರೋಸ್ಟರ್‌ನಲ್ಲಿ ಊಟಕ್ಕೆ ಬ್ಯಾಚ್‌ಗಳನ್ನು ಚೆಂದವಾಗಿ ಹಂಚಿದ್ದರು. ಲಾಗಿನ್ ದಾಖಲೆಯಲ್ಲಿ 1ರಿಂದ 2ರವರೆಗೆ ಕುರ್ಚಿಯಲ್ಲಿ ನಾಲ್ಕೇ ಜನ. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬಾಕೆ ಹೇಳಿದ್ದು: 'ಎರಡಕ್ಕ ಹೋದ್ರ ಕ್ಯಾಂಟೀನ್‌ನ್ಯಾಗ ರೊಟ್ಟಿ ಮುಗದಿರ್ತಾವ್ರೀ, ಬರೇ ಅನ್ನ ಸಿಗ್ತದ.' ಈ ವಿಷಯ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಬರುವುದಿಲ್ಲ. ಅಂಕಿ ವಿಚಿತ್ರವಾಗಿ ಕಂಡ ಕಡೆ ಎದ್ದು ಹೋಗಿ ಕೇಳಬೇಕು.

## ಎಷ್ಟು ಜನ ಬೇಕು: ಎರ್ಲಾಂಗ್ ಲೆಕ್ಕ

ಕರೆಗಳ ಸಂಖ್ಯೆಯನ್ನು ಕೆಲಸದ ಭಾರಕ್ಕೆ ತಿರುಗಿಸುವುದು ಮುಂದಿನ ಹೆಜ್ಜೆ. ಅದಕ್ಕೆ ಒಂದು ಕರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿರಬೇಕು. ಮಾತಾಡಿದ ಸಮಯದ ಜೊತೆಗೆ, ಫೋನ್ ಇಟ್ಟ ಮೇಲೆ ವಿಳಾಸ ಟೈಪ್ ಮಾಡುವ ಸಮಯವೂ ಸೇರಬೇಕು. ಈ ಎರಡನೆಯದು ಲಾಗ್‌ನಲ್ಲಿ ಇರುವುದೇ ಇಲ್ಲ ಬಹಳ ಸಲ. ನಾನು ಇಬ್ಬರು ಏಜೆಂಟ್‌ಗಳ ಪಕ್ಕ ಕೂತು ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು 30 ಕರೆ ಅಳೆದೆ. ಮಾತು 200 ಸೆಕೆಂಡ್, ಆಮೇಲಿನ ಟೈಪಿಂಗ್ 40. ಒಟ್ಟು 240. ಆ 40 ಸೆಕೆಂಡ್ ಬಿಟ್ಟಿದ್ದರೆ ಭಾರ ಆರರಲ್ಲಿ ಒಂದು ಪಾಲು ಕಡಿಮೆ ಕಾಣುತ್ತಿತ್ತು.

ಭಾರದ ಲೆಕ್ಕ: ಕರೆಗಳು × 240 ÷ 1800. 1800 ಎಂದರೆ ಅರ್ಧ ಗಂಟೆಯ ಸೆಕೆಂಡ್‌ಗಳು. 45 ಕರೆಗೆ ಇದು 6 ಬರುತ್ತದೆ. ಈ 6ಕ್ಕೆ 6 ಎರ್ಲಾಂಗ್ ಎನ್ನುತ್ತಾರೆ. ಅಗ್ನರ್ ಕ್ರಾರಪ್ ಎರ್ಲಾಂಗ್ ಎನ್ನುವ ಡೆನ್ಮಾರ್ಕ್‌ನ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಾ, ಇಂಥ ಕ್ಯೂಗಳ ಸೂತ್ರವನ್ನು 1917ರಲ್ಲಿ ಪ್ರಕಟಿಸಿದರು. ಇವತ್ತಿಗೂ ಕಾಲ್ ಸೆಂಟರ್‌ಗಳಲ್ಲಿ ಅದೇ ಓಡುತ್ತಿದೆ.

6 ಎರ್ಲಾಂಗ್ ಎಂದರೆ 6 ಜನ ಸಾಕು ಎಂದಲ್ಲ. ಆರು ಜನ ಒಂದು ಕ್ಷಣವೂ ಬಿಡುವಿಲ್ಲದೆ ಮಾತಾಡುತ್ತಲೇ ಇರುವಷ್ಟು ಕೆಲಸ ಇದೆ ಎಂದರ್ಥ. ಕರೆಗಳು ಬಸ್ ಟೈಮ್ ಟೇಬಲ್ ನೋಡಿ ಬರುವುದಿಲ್ಲ. ಒಂದು ನಿಮಿಷ ಮೌನ, ಮರುನಿಮಿಷ ಒಟ್ಟಿಗೆ ಐದು. ಮೌನದಲ್ಲಿ ಕಳೆದುಹೋದ ಸಮಯವನ್ನು ಆಮೇಲೆ ವಾಪಸ್ ಪಡೆಯಲು ಬರುವುದಿಲ್ಲ. ಅದಕ್ಕೇ ಭಾರಕ್ಕಿಂತ ಒಂದೆರಡು ಜನ ಜಾಸ್ತಿ ಇರಲೇಬೇಕು.

ಎಷ್ಟು ಜಾಸ್ತಿ ಎನ್ನುವುದನ್ನು ಸೂತ್ರ ಹೇಳುತ್ತದೆ. ಹೊಸ ಹಾಳೆಯಲ್ಲಿ A2 ನಲ್ಲಿ ಕರೆಗಳು, C2 ನಲ್ಲಿ ಕೂತಿರುವ ಜನ ಹಾಕಿ. ಉಳಿದದ್ದು ಕ್ರಮವಾಗಿ B2, D2, E2, F2:

```
=A2*240/1800
=POISSON.DIST(C2,B2,FALSE)/(POISSON.DIST(C2,B2,FALSE)+(1-B2/C2)*POISSON.DIST(C2-1,B2,TRUE))
=D2*240/(C2-B2)
=1-D2*EXP(-(C2-B2)*20/240)
```

B2 ಭಾರ. D2 ಎಂದರೆ ಕರೆ ಮಾಡಿದವರು ಕಾಯಬೇಕಾಗುವ ಸಂಭವ. E2 ಸರಾಸರಿ ಕಾಯುವ ಸೆಕೆಂಡ್. F2 ಎಂದರೆ 20 ಸೆಕೆಂಡ್ ಒಳಗೆ ಎಷ್ಟು ಪಾಲು ಕರೆ ಎತ್ತುತ್ತೇವೆ ಎನ್ನುವುದು. 45 ಕರೆಗೆ ಹೀಗೆ ಬರುತ್ತದೆ:

| ಕೂತ ಜನ | ಸರಾಸರಿ ಕಾಯುವ ಸಮಯ | 20 ಸೆಕೆಂಡ್ ಒಳಗೆ |
|---|---|---|
| 7 | 147 ಸೆಕೆಂಡ್ | 44% |
| 8 | 43 ಸೆಕೆಂಡ್ | 70% |
| 9 | 16 ಸೆಕೆಂಡ್ | 85% |
| 10 | 6 ಸೆಕೆಂಡ್ | 93% |

ಏಳರಿಂದ ಎಂಟಕ್ಕೆ ಹೋದರೆ ಕಾಯುವುದು ನೂರು ಸೆಕೆಂಡ್ ಇಳಿಯಿತು. ಒಂಬತ್ತರಿಂದ ಹತ್ತಕ್ಕೆ ಹೋದರೆ ಹತ್ತೇ ಸೆಕೆಂಡ್. ಕಡಿಮೆ ಇರುವ ಕಡೆ ಒಬ್ಬರು ಸೇರಿದರೆ ಸಿಗುವ ಲಾಭ, ಸಾಕಷ್ಟಿರುವ ಕಡೆ ಸಿಗುವುದಿಲ್ಲ. 100ರಲ್ಲಿ 80 ಕರೆಯನ್ನು 20 ಸೆಕೆಂಡ್ ಒಳಗೆ ಎತ್ತಬೇಕು ಎನ್ನುವುದು ಕಾಲ್ ಸೆಂಟರ್‌ಗಳ ರೂಢಿಯ ಗುರಿ. ಅದರ ಹಿಂದೆ ದೊಡ್ಡ ಶಾಸ್ತ್ರವೇನೂ ಇಲ್ಲ, ನಿಮ್ಮ ಗಿರಾಕಿಗಳ ತಾಳ್ಮೆ ನೋಡಿ ಬೇರೆ ಇಟ್ಟುಕೊಳ್ಳಬಹುದು. ನಾವು ಅದನ್ನೇ ಹಿಡಿದೆವು. ಹಾಗಾಗಿ 10 ಗಂಟೆಗೆ 9 ಜನ.

ಮರುಕರೆಗಳನ್ನು ತೆಗೆಯದೆ 60ನ್ನೇ ಹಾಕಿದ್ದರೆ? ಭಾರ 8 ಎರ್ಲಾಂಗ್, ಅದೇ ಗುರಿಗೆ 11 ಜನ. ಒಂದು ಕಾಲಮ್ ಮರೆತದ್ದಕ್ಕೆ ಎರಡು ಸಂಬಳ.

ಮಧ್ಯಾಹ್ನದ ಲೆಕ್ಕಕ್ಕೆ ಮ್ಯಾನೇಜರ್ ತಕರಾರು ತೆಗೆದರು. 'ನಾಲ್ಕು ಜನ ಅರ್ಧ ಗಂಟೆಗೆ 30 ಕರೆ ತಗೋತಾರೆ, ಬರೋದು 24. ಮತ್ತ್ಯಾಕ್ರೀ ಕಾಯ್ಬೇಕು?' ಒಳ್ಳೆಯ ಪ್ರಶ್ನೆ. 24 ಕರೆಯ ಭಾರ 3.2 ಎರ್ಲಾಂಗ್. ನಾಲ್ಕು ಜನ ಇದ್ದರೆ ಸೂತ್ರ ಹೇಳುವ ಸರಾಸರಿ ಕಾಯುವಿಕೆ 179 ಸೆಕೆಂಡ್, ಹತ್ತಿರ ಹತ್ತಿರ ಮೂರು ನಿಮಿಷ. ಐದು ಜನಕ್ಕೆ 38 ಸೆಕೆಂಡ್, ಆರಕ್ಕೆ 11. ಸಣ್ಣ ತಂಡದಲ್ಲಿ ಗೊಂಚಲಾಗಿ ಬಂದ ಕರೆಗಳ ಪೆಟ್ಟು ಜಾಸ್ತಿ. ನಾಲ್ವರೂ ಮಾತಿನಲ್ಲಿದ್ದಾಗ ಐದನೆಯ ಕರೆ ಬಂದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಗುರಿ ಮುಟ್ಟಲು ಅಲ್ಲಿ 6 ಜನ ಬೇಕಿತ್ತು.

ಇದೇ ಕಾರಣಕ್ಕೆ ತಂಡವನ್ನು ಭಾಷೆವಾರು ಒಡೆಯುವಾಗ ಯೋಚನೆ ಮಾಡಿ. 10 ಗಂಟೆಯ 6 ಎರ್ಲಾಂಗನ್ನು ಕನ್ನಡಕ್ಕೆ ಮೂರು, ಹಿಂದಿಗೆ ಮೂರು ಎಂದು ಒಡೆದರೆ ತಲಾ ಐದು ಜನ ಬೇಕು. ಒಟ್ಟು ಹತ್ತು. ಎರಡೂ ಭಾಷೆ ಬರುವವರನ್ನು ಒಂದೇ ಕ್ಯೂನಲ್ಲಿ ಕೂರಿಸಿದರೆ ಒಂಬತ್ತೇ ಸಾಕು.

ಸೂತ್ರದ ಮಿತಿ ಎರಡು. ಒಂದು, ಜನ ಭಾರಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಇದು ಕೆಲಸ ಮಾಡುತ್ತದೆ. 6 ಎರ್ಲಾಂಗ್‌ಗೆ 5 ಜನ ಹಾಕಿದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ, ಕಾಯುವ ಸಮಯ ಮೈನಸ್‌ನಲ್ಲಿ ಬರುತ್ತದೆ. ಇನ್ನೊಂದು, ಯಾರೂ ಕಟ್ ಮಾಡುವುದಿಲ್ಲ ಎಂದು ಅದು ಅಂದುಕೊಂಡಿದೆ. ನಿಜದಲ್ಲಿ ಕೆಲವರು ಕಟ್ ಮಾಡಿ ಹೋಗುವುದರಿಂದ ಉಳಿದವರ ಕಾಯುವಿಕೆ ಸೂತ್ರ ಹೇಳಿದ್ದಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ಮಧ್ಯಾಹ್ನದ ಆ 179 ಸೆಕೆಂಡ್ ನಿಮ್ಮ ಲಾಗ್‌ನಲ್ಲಿ ಕಾಣದಿದ್ದರೆ ಸೂತ್ರ ತಪ್ಪೆನ್ನಬೇಡಿ. ಕಟ್ ಆದ ಕರೆಗಳ ಕಾಲಮ್ ನೋಡಿ. ಜನ ಸಾಕಷ್ಟಿರುವ ಕಡೆ ಈ ವ್ಯತ್ಯಾಸ ಸಣ್ಣದು.

## ಶಿಫ್ಟ್ ಕಟ್ಟುವುದು

ಪ್ರತಿ ಅರ್ಧ ಗಂಟೆಗೂ ಇದೇ ಲೆಕ್ಕ ಹಾಕಿ, ಅಕ್ಕಪಕ್ಕದ ಸಾಲುಗಳನ್ನು ಸೇರಿಸಿದಾಗ ಲ್ಯಾಬ್‌ಗೆ ಬೇಕಾದ ಜನ ಹೀಗೆ ಬಂತು:

| ಸಮಯ | ಬೇಕು | ಹಳೆಯ ಶಿಫ್ಟ್‌ನಲ್ಲಿ ಕೂತಿದ್ದವರು |
|---|---|---|
| 8–9 | 4 | 6 |
| 9–10 | 6 | 6 |
| 10–11:30 | 9 | 11ರವರೆಗೆ 5, ಆಮೇಲೆ ಸುಮಾರು 10 |
| 11:30–1 | 7 | 11 |
| 1–2 | 6 | 4 |
| 2–5 | 6, 2:30ರ ನಂತರ 5 | 8ಕ್ಕಿಂತ ಜಾಸ್ತಿ |
| 5–7 | 5 | 5 |
| 7–8 | 2 | 5 |

ಎರಡು ಕಾಲಮ್ ಪಕ್ಕಪಕ್ಕ ಇಟ್ಟಾಗ ಮ್ಯಾನೇಜರ್ ಸುಮ್ಮನಾದರು. ಜನ ಇದ್ದರು, ಬೇಕಾದಾಗ ಇರಲಿಲ್ಲ.

ಹೊಸ ಶಿಫ್ಟ್‌ಗೆ ಎರಡು ಬದಲು ನಾಲ್ಕು ಶುರುವಿನ ಸಮಯ ಇಟ್ಟೆವು. 8ಕ್ಕೆ ನಾಲ್ಕು ಜನ, 9ಕ್ಕೆ ಇಬ್ಬರು, 10ಕ್ಕೆ ಮೂವರು, 11ಕ್ಕೆ ಇಬ್ಬರು. ಎಲ್ಲರಿಗೂ ಊಟದ ಒಂದು ಗಂಟೆ ಸೇರಿ ಒಂಬತ್ತು ಗಂಟೆ. ಕೂಡಿ ನೋಡಿ: 8ಕ್ಕೆ 4, 9ಕ್ಕೆ 6, 10ಕ್ಕೆ 9. ಸಂಜೆ 5ಕ್ಕೆ ಮೊದಲ ನಾಲ್ವರು ಹೋದರೂ 7 ಜನ, 6ಕ್ಕೆ 5, 7ಕ್ಕೆ 2. ಬೇಕಾದ ಕಾಲಮ್‌ಗೆ ಎಲ್ಲ ಕಡೆ ಸರಿಹೋಯಿತು. ಇದನ್ನು ಮಾಡಲು ಸಾಫ್ಟ್‌ವೇರ್ ಬೇಕಿಲ್ಲ. ಜನ ಜಾಸ್ತಿ ಬೇಕಾದ ಹೊತ್ತಿನಿಂದ ಶುರು ಮಾಡಿ. ಅದನ್ನು ಮುಟ್ಟಲು ಯಾರ್‍ಯಾರು ಯಾವಾಗೊಳಗೆ ಬಂದಿರಬೇಕು ಎಂದು ಹಿಂದಕ್ಕೆ ಎಣಿಸಿ. ಆಮೇಲೆ ಅವರೆಲ್ಲ ಯಾವಾಗ ಎದ್ದು ಹೋಗುತ್ತಾರೆ ಎಂದು ಮುಂದಕ್ಕೆ ಎಣಿಸಿ.

ಸಂಜೆಯೂ ಬೆಳಗಿನಷ್ಟೇ ಭಾರ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. 10ಕ್ಕೆ ಒಂಬತ್ತು, ಸಂಜೆ 7ಕ್ಕೂ ಒಂಬತ್ತು ಬೇಕು ಎಂದರೆ ಒಂಬತ್ತು ಗಂಟೆಯ ಶಿಫ್ಟ್‌ನಲ್ಲಿ 11 ಜನರಿಂದ ಸಾಧ್ಯವೇ ಇಲ್ಲ. ಆಗ ನಾಲ್ಕು ಗಂಟೆ ಬಂದು ಹೋಗುವ ಪಾರ್ಟ್ ಟೈಮ್ ಜನ ಬೇಕಾಗುತ್ತಾರೆ.

ಟೀ ಬ್ರೇಕ್ 10ರಿಂದ 11:30ರ ನಡುವೆ ಯಾರಿಗೂ ಇಲ್ಲ. 8ಕ್ಕೆ ಬಂದವರಿಗೆ 10ರ ಒಳಗೆ, ಉಳಿದವರಿಗೆ 11:30ರ ನಂತರ. ಆದರೆ 8ಕ್ಕೆ ಬಂದವರು 9ರ ಒಳಗೆ ಹೋದರೆ ಮೂವರೇ ಉಳಿಯುತ್ತಾರೆ, 9ರ ನಂತರ ಹೋದರೆ ಆರರಲ್ಲಿ ಐದು. ಈ ಒಂದು ಜಾಗ ಸ್ವಲ್ಪ ಬಿಗಿಯೇ. ಹೇಗೆ ಮಾಡಿದರೂ ಎಲ್ಲೋ ಒಂದು ಕಡೆ ಒಬ್ಬರು ಕಡಿಮೆ ಬೀಳುತ್ತಾರೆ. 9ರ ನಂತರದ್ದೇ ಕಡಿಮೆ ಪೆಟ್ಟು ಎಂದು ಅದನ್ನೇ ಆರಿಸಿದೆವು.

ಊಟಕ್ಕೆ 8ರ ನಾಲ್ವರು 12:30ಕ್ಕೆ. 9ರ ಇಬ್ಬರು, 10ರ ಒಬ್ಬರು 1:30ಕ್ಕೆ. ಉಳಿದ ನಾಲ್ವರು 2:30ಕ್ಕೆ. ಯಾವಾಗ ನೋಡಿದರೂ ಕುರ್ಚಿಯಲ್ಲಿ 7 ಜನಕ್ಕೆ ಕಡಿಮೆ ಇಲ್ಲ. 1:30ಕ್ಕೂ 2:30ಕ್ಕೂ ಹೋಗುವವರಿಗೆ ರೊಟ್ಟಿ? ಕ್ಯಾಂಟೀನ್‌ನವರಿಗೆ ಹೇಳಿ ಏಳು ಜನರ ರೊಟ್ಟಿ ಎತ್ತಿಡಿಸಿದೆವು. ನಿಜ ಹೇಳಬೇಕೆಂದರೆ ಇಡೀ ಯೋಜನೆ ಉಳಿದದ್ದು ಆ ಏಳು ಡಬ್ಬಿಗಳ ಮೇಲೆ.

ಕಾನೂನನ್ನೂ ನೋಡಿಕೊಳ್ಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಇದೆ, ಐದು ಗಂಟೆ ಸತತ ಕೆಲಸದ ಒಳಗೆ ಒಂದು ಗಂಟೆ ಬಿಡುವು ಕೊಡಬೇಕು. 8ಕ್ಕೆ ಬಂದವರ ಊಟವನ್ನು 1:30ಕ್ಕೆ ತಳ್ಳದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಒಬ್ಬರು ದಿಢೀರ್ ರಜೆ ಹಾಕಿದರೆ? ಉತ್ತರ ಮೊದಲ ಪಟ್ಟಿಯಲ್ಲೇ ಇದೆ. 10 ಗಂಟೆಗೆ 9ರ ಬದಲು 8 ಜನ, ಸರಾಸರಿ ಕಾಯುವುದು 16ರಿಂದ 43 ಸೆಕೆಂಡ್‌ಗೆ ಏರುತ್ತದೆ. ತಡೆದುಕೊಳ್ಳಬಹುದು. ಇಬ್ಬರು ಹಾಕಿದರೆ 147. ಆಗ ಟೀಮ್ ಲೀಡರ್ ಹೆಡ್‌ಸೆಟ್ ಹಾಕಬೇಕು. ಇದನ್ನು ಅವರ ಮೇಜಿನ ಮೇಲೆ ಅಂಟಿಸಿದೆವು. ವಾರದ ರಜೆಗಳನ್ನು ಸೋಮವಾರದಿಂದ ಎತ್ತಿ ಭಾನುವಾರ, ಶನಿವಾರಕ್ಕೆ ಹಂಚಿದೆವು.

## ಮೂರು ವಾರದ ನಂತರ

ಹೊಸ ಶಿಫ್ಟ್‌ನ ಮೊದಲ ವಾರದ ಅಂಕಿ ನೋಡಬೇಡಿ. ಜನ ಹೊಸ ಸಮಯಕ್ಕೆ ಒಗ್ಗಿರುವುದಿಲ್ಲ, ಲಾಗಿನ್ ತಡ ಆಗುತ್ತಿರುತ್ತದೆ. ಮೂರನೇ ವಾರ ಅದೇ ಹಾಳೆಯನ್ನು, ಅದೇ ಸೂತ್ರಗಳೊಂದಿಗೆ ಮತ್ತೆ ತುಂಬಿ.

ನಾವು ತುಂಬಿದಾಗ 10ರಿಂದ 10:30ರ ಸಾಲಿನಲ್ಲಿ 60 ಕರೆ ಇದ್ದದ್ದು 48ಕ್ಕೆ ಇಳಿದಿತ್ತು. ಕಟ್ ಆದದ್ದು 22ರ ಜಾಗದಲ್ಲಿ 4. ನಾನು ಖುಷಿಯಲ್ಲಿದ್ದೆ, ಮ್ಯಾನೇಜರ್ ಮುಖ ಬಾಡಿತ್ತು. 'ಕರೆನೇ ಕಡಿಮೆ ಆಗ್ಯಾವಲ್ರೀ, ಗಿರಾಕಿ ಬೇರೆ ಲ್ಯಾಬ್‌ಗೆ ಹೋದ್ರೇನು?' G ಕಾಲಮ್ ತೋರಿಸಿದೆ. ಮರುಕರೆ 15ರಿಂದ 3ಕ್ಕೆ ಬಂದಿತ್ತು. ಅದನ್ನು ಕಳೆದರೆ ಮೊದಲೂ 45 ಜನ, ಈಗಲೂ 45 ಜನ. ಅವರು ಒಂದು ಸಲ ಎರಡೂ ತಿಂಗಳ ಹಾಳೆಯನ್ನು ಪಕ್ಕಪಕ್ಕ ಇಟ್ಟು ತಾವೇ ಕ್ಯಾಲ್ಕುಲೇಟರ್‌ನಲ್ಲಿ ಕಳೆದು ನೋಡಿದರು. ಆಮೇಲೆ ಕೇಳಿದ್ದು, ಸೋಮವಾರದ ಸಾಲು ಎಲ್ಲಿದೆ ಎಂದು.